ಎಣ್ಣೆ ಡಬ್ಬಿಯ ಮೇಲಿನ ನಾಲ್ಕು ಸಾಲು

ಇಂಜಿನ್ ಆಯಿಲ್ ಡಬ್ಬಿ ಮೇಲೆ ಎರಡು ಥರದ ಬರಹ ಇರತ್ತೆ. ಒಂದು ದೊಡ್ಡಕ್ಷರದ್ದು: ಪವರ್, ಆಕ್ಟಿವ್, ಸೂಪರ್, ಅಲ್ಟ್ರಾ. ಇದನ್ನು ಬರೆದವರು ಜಾಹೀರಾತಿನವರು. ಇದರಿಂದ ಗಾಡಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಇನ್ನೊಂದು ಚಿಕ್ಕಕ್ಷರದ್ದು, ಒಂದಿಷ್ಟು ಅಂಕಿ, ಒಂದಿಷ್ಟು ಇಂಗ್ಲಿಷ್ ಅಕ್ಷರ. ನೋಡಿದರೆ ಪಾಸ್‌ವರ್ಡ್ ಥರ ಕಾಣತ್ತೆ. ಆದರೆ ನಿಜವಾದ ಮಾತೆಲ್ಲ ಅಲ್ಲೇ ಇರೋದು. ಸುಮಾರು ನೂರು ವರ್ಷಗಳಲ್ಲಿ ಬೇರೆ ಬೇರೆ ದೇಶದ ಇಂಜಿನಿಯರುಗಳು ಬೇರೆ ಬೇರೆ ತಾಪತ್ರಯಕ್ಕೆ ಸಿಕ್ಕಿ ಒಂದೊಂದು ಸಾಲನ್ನು ಸೇರಿಸುತ್ತಾ ಹೋದರು. ಆ ತಾಪತ್ರಯ ಏನು ಅಂತ ಗೊತ್ತಾದರೆ ಸಾಲು ತಾನಾಗೇ ಅರ್ಥ ಆಗತ್ತೆ.

ಒಂದು ಸಂದರ್ಭ ಇಟ್ಟುಕೊಂಡು ಓದೋಣ. ಮಗಳು ಬೆಂಗಳೂರಲ್ಲಿ ಕೆಲಸದಲ್ಲಿದ್ದಾಳೆ, ಅಪ್ಪ ಅಮ್ಮ ಶಿಡ್ಲಘಟ್ಟದಲ್ಲಿ. ಮನೆಯಲ್ಲೊಂದು 110 ಸಿಸಿ ಆಕ್ಟಿವಾ, ಬಿಎಸ್-4 ಕಾಲದ್ದು. ಅದರ ಪಕ್ಕದಲ್ಲೇ ರೇಷ್ಮೆಗೂಡಿನ ಚೀಲ ಹೇರಿಕೊಂಡು ಮಾರ್ಕೆಟ್ಟಿಗೆ ಹೋಗುವ 100 ಸಿಸಿ ಬೈಕು. ಅಪ್ಪ ಚಿಂತಾಮಣಿಗೆ ಹೋದಾಗ ಅಲ್ಲಿನ ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ ಒಂದು ಡಬ್ಬಿಯ ಫೋಟೊ ಹೊಡೆದು ಕಳಿಸುತ್ತಾರೆ: "ಇದು ನಮ್ ಸ್ಕೂಟರಿಗೆ ಆಗ್ತದಾ ನೋಡಮ್ಮ." ಫೋಟೊ ಝೂಮ್ ಮಾಡಿದರೆ ಕಾಣೋದು ಇಷ್ಟು:

```
4T
SAE 20W-40
API SL
JASO MA2
900 ml
```

ಅಂಗಡಿಯವರ ಉತ್ತರ ಸಾಮಾನ್ಯವಾಗಿ "ಎಲ್ಲಾ ಗಾಡಿಗೂ ಆಗ್ತದೆ ಸಾರ್." ಈ ಉತ್ತರ ಪೂರ್ತಿ ಸುಳ್ಳಲ್ಲ, ಹಾಗಂತ ಪೂರ್ತಿ ನಿಜವೂ ಅಲ್ಲ. ಎಲ್ಲಿವರೆಗೆ ನಿಜ ಅನ್ನೋದೇ ಈ ಲೇಖನದ ವಿಷಯ.

ಮೊದಲ ಸಾಲು: 4ಟಿ

ಯಂತ್ರಕ್ಕೆ ಎಣ್ಣೆ ಹಾಕೋದು ನಮ್ಮ ಸೀಮೆಗೆ ಮೋಟಾರು ತಂದ ಹೊಸ ಪಾಠವೇನಲ್ಲ. ಎತ್ತಿನ ಬಂಡಿಯ ಅಚ್ಚಿಗೆ ಹಾಕುತ್ತಿದ್ದದ್ದಕ್ಕೆ ಕನ್ನಡದಲ್ಲಿ ಅಚ್ಚುಕಟ್ಟಾದ ಪದವೇ ಇದೆ, ಕೀಲೆಣ್ಣೆ. ಅದಕ್ಕೆ ಹರಳೆಣ್ಣೆ ಚೆನ್ನಾಗಿ ಒದಗುತ್ತಿತ್ತು. ಯಾಕಂದರೆ ಅದು ಮಂದ, ಜಾರುತ್ತೆ, ಬೇಗ ಬಿಟ್ಟು ಹೋಗಲ್ಲ. ಇಂಗ್ಲೆಂಡಿನಲ್ಲೂ ಅದೇ ಯೋಚನೆ ನಡೆಯಿತು. ಚಾರ್ಲ್ಸ್ ವೇಕ್‌ಫೀಲ್ಡ್ 1899ರಲ್ಲಿ ಶುರು ಮಾಡಿದ ಎಣ್ಣೆ ಕಂಪನಿ ಹತ್ತು ವರ್ಷದ ನಂತರ ತನ್ನ ಮೋಟಾರ್ ಎಣ್ಣೆಗೆ ಹರಳೆಣ್ಣೆ ಬೆರೆಸಿ, ಅದಕ್ಕೆ ಕ್ಯಾಸ್ಟ್ರಾಲ್ ಅಂತ ಹೆಸರಿಟ್ಟಿತು. ಕ್ಯಾಸ್ಟರ್ ಅಂದರೆ ಹರಳು. ಅಂದರೆ ಆ ಹೆಸರಿನೊಳಗೆ ನಮ್ಮ ರಾಗಿ ಹೊಲದ ಅಂಚಿನ ಗಿಡ ಕೂತಿದೆ.

ಸ್ಕೂಟರ್ ಬಂದಾಗ ಎಣ್ಣೆಯ ಕೆಲಸ ಬೇರೆಯಾಯಿತು. ಲ್ಯಾಂಬ್ರೆಟ್ಟಾ, ಬಜಾಜ್ ಚೇತಕ್, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಬೈಕುಗಳು, ಎಲ್ಲವೂ ಟೂ ಸ್ಟ್ರೋಕ್. ಟೂ ಸ್ಟ್ರೋಕ್ ಇಂಜಿನ್‌ನ ಹೊಟ್ಟೆಯಲ್ಲಿ ಎಣ್ಣೆ ನಿಲ್ಲುವ ಜಾಗ ಇಲ್ಲ. ಪೆಟ್ರೋಲು ಮತ್ತು ಗಾಳಿ ಅದೇ ಹೊಟ್ಟೆಯ ಮೂಲಕ ಹಾದು ಮೇಲಕ್ಕೆ ಹೋಗಬೇಕು. ಹಾಗಾಗಿ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಬೇಕಿತ್ತು, ಲೀಟರಿಗೆ ಸುಮಾರು 20 ಮಿಲಿ. ಬಂಕಿನಲ್ಲಿ ಪೆಟ್ರೋಲು ಹಾಕಿಸಿ, ಪಕ್ಕದ ಅಳತೆ ಪಂಪಿನಿಂದ ಎಣ್ಣೆ ಹಾಕಿಸಿಕೊಂಡು, ಗಾಡಿಯನ್ನು ಎರಡು ಸಲ ಅಲ್ಲಾಡಿಸಿ ಹೊರಡೋದು ಒಂದು ತಲೆಮಾರಿನ ಅಭ್ಯಾಸ. ಆ ಎಣ್ಣೆ ಕೆಲಸ ಮಾಡಿದ ಮೇಲೆ ಸುಟ್ಟು ಹೋಗಬೇಕು. ಸುಡುವುದೂ ಅದರ ಕೆಲಸವೇ.

ಪೂರ್ತಿ ಸುಡದ ಎಣ್ಣೆ ನೀಲಿ ಹೊಗೆಯಾಗಿ ಊರಿನ ಮೇಲೆ ಬಂತು. ದೆಹಲಿಯ ಗಾಳಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1998ರ ಜುಲೈನಲ್ಲಿ ಕೊಟ್ಟ ಆದೇಶದಲ್ಲಿ, ಆ ವರ್ಷದ ಕೊನೆಯೊಳಗೆ ಬಂಕು ಮತ್ತು ಗ್ಯಾರೇಜುಗಳಲ್ಲಿ ಬಿಡಿ 2ಟಿ ಎಣ್ಣೆ ಮಾರೋದು ನಿಲ್ಲಬೇಕು ಅನ್ನೋದೂ ಒಂದಾಗಿತ್ತು. ಬಿಡಿ ಎಣ್ಣೆಯ ಗುಣವೂ ಗೊತ್ತಾಗ್ತಿರಲಿಲ್ಲ, ಅಳತೆಯೂ ಹಿಡಿತದಲ್ಲಿ ಇರ್ತಿರಲಿಲ್ಲ. ಆಮೇಲೆ ಹೊಗೆ ನಿಯಮಗಳು ಬಿಗಿಯಾದವು. 2001ರ ಹೊತ್ತಿಗೆ ಆಕ್ಟಿವಾ ಬೀದಿಗಿಳಿದಿತ್ತು. ಅದು ಫೋರ್ ಸ್ಟ್ರೋಕ್, ಗೇರ್ ಇಲ್ಲದ ಗಾಡಿ. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆ ಹುಟ್ಟುವಾಗ ಚೇತಕ್ ಕಾಲ ಹೆಚ್ಚು ಕಡಿಮೆ ಮುಗಿದಿತ್ತು. 2013ರಲ್ಲಿ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಹೋಂಡಾ ಕಾರ್ಖಾನೆ ತೆರೆಯಿತು. ಹಳೇ ಅವಿಭಜಿತ ಜಿಲ್ಲೆಯ ಮಣ್ಣಿನಲ್ಲೇ ಆಕ್ಟಿವಾ ತಯಾರಾಗೋಕೆ ಶುರುವಾಯಿತು.

ಫೋರ್ ಸ್ಟ್ರೋಕ್‌ನಲ್ಲಿ ಎಣ್ಣೆ ಇಂಜಿನ್‌ನ ಕೆಳಭಾಗದಲ್ಲಿ ಕೊಳದ ಥರ ನಿಂತಿರತ್ತೆ. ಪಂಪು ಅದನ್ನು ಮೇಲಕ್ಕೆತ್ತಿ ಸುರಿಯತ್ತೆ, ಅದು ಮತ್ತೆ ಕೆಳಗಿಳಿಯತ್ತೆ. ಸಾವಿರಾರು ಕಿಲೋಮೀಟರ್ ಇದೇ ಎಣ್ಣೆ ಮಸಿಯನ್ನು ಹೊತ್ತುಕೊಂಡು, ಬಿಸಿ ತಡೆದುಕೊಂಡು ಓಡಾಡಬೇಕು. ಒಂದು ಎಣ್ಣೆ ಸುಟ್ಟು ಹೋಗೋಕೆ ಮಾಡಿದ್ದು, ಇನ್ನೊಂದು ಸುಡದೆ ಉಳಿಯೋಕೆ ಮಾಡಿದ್ದು. ಅದಕ್ಕೇ 4ಟಿ ಅನ್ನುವ ಎರಡಕ್ಷರ ಎಲ್ಲಕ್ಕಿಂತ ಮೊದಲು ನೋಡಬೇಕು. ಫೋಟೊದಲ್ಲಿ 2ಟಿ ಅಂತ ಇದ್ದರೆ ಮುಂದಿನ ಸಾಲು ಓದೋದೇ ಬೇಡ. ನಮ್ಮ ಡಬ್ಬಿ ಇಲ್ಲಿ ಪಾಸು.

ಎರಡನೇ ಸಾಲು: 20ಡಬ್ಲ್ಯು-40

ಈ ಅಂಕಿಗಳ ಬಗ್ಗೆ ಇರೋ ಅತಿ ದೊಡ್ಡ ತಪ್ಪು ತಿಳಿವಳಿಕೆ ಅಂದರೆ ಅವು ಡಿಗ್ರಿ ಲೆಕ್ಕ ಅನ್ನೋದು. "20ರಿಂದ 40 ಡಿಗ್ರಿವರೆಗೆ ಓಡತ್ತೆ, ನಮ್ಮ ಹವಾಮಾನಕ್ಕೆ ಸರಿ" ಅಂತ ಎಷ್ಟೋ ಜನ ವಿವರಿಸೋದು ಕೇಳಿರ್ತೀರಿ. ಅಂಕಿಗಳಿಗೂ ಥರ್ಮಾಮೀಟರಿಗೂ ಹಾಗೆ ಸಂಬಂಧ ಇಲ್ಲ. ಅವು ಎಣ್ಣೆ ಎಷ್ಟು ಮಂದ, ಎಷ್ಟು ತೆಳು ಅನ್ನೋದನ್ನು ಹೇಳುವ ದರ್ಜೆಗಳು. ಪಠ್ಯಪುಸ್ತಕದಲ್ಲಿ ಇದಕ್ಕೆ ಸ್ನಿಗ್ಧತೆ ಅಂತಾರೆ.

ಎಸ್ಎಇ ಅಂದರೆ ಅಮೆರಿಕದ ವಾಹನ ಇಂಜಿನಿಯರುಗಳ ಸಂಘ. ಅದರ ಮೊದಲ ಎಣ್ಣೆ ವರ್ಗೀಕರಣ ಬಂದದ್ದು 1911ರಲ್ಲಿ. ಅದಕ್ಕೆ ಮುಂಚೆ ಪ್ರತಿ ಕಂಪನಿ ತನಗೆ ತೋಚಿದಂತೆ ಲೈಟ್, ಮೀಡಿಯಂ, ಹೆವಿ ಅಂತ ಬರೆಯುತ್ತಿತ್ತು. ಒಬ್ಬರ ಮೀಡಿಯಂ ಇನ್ನೊಬ್ಬರ ಹೆವಿ. ಅಳೆಯುವ ವಿಧಾನ ನೋಡಿದರೆ ಮಕ್ಕಳಾಟ ಅನ್ನಿಸತ್ತೆ. ಎಣ್ಣೆಯನ್ನು ಒಂದು ನಿಗದಿತ ಬಿಸಿಗೆ ಕಾಯಿಸಿ, ಸಣ್ಣ ರಂಧ್ರದ ಪಾತ್ರೆಯಿಂದ 60 ಮಿಲಿ ಕೆಳಗಿಳಿಯೋಕೆ ಎಷ್ಟು ಸೆಕೆಂಡ್ ಹಿಡಿಯತ್ತೆ ಅಂತ ಎಣಿಸೋದು. ಹೆಚ್ಚು ಸೆಕೆಂಡ್ ಹಿಡಿದರೆ ಮಂದ. ಮುಂದೆ ಈ ಅಳತೆಗಳಿಗೆ 20, 30, 40, 50 ಅಂತ ಸುಲಭದ ದರ್ಜೆ ಸಂಖ್ಯೆಗಳು ಬಂದವು.

ಈಗಿನ ಅಳತೆಯಲ್ಲಿ ಹೇಳೋದಾದರೆ, 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 30ರ ಎಣ್ಣೆಯ ಮಂದತೆ 9.3ರಿಂದ 12.5 ಸೆಂಟಿಸ್ಟೋಕ್ ಒಳಗೆ ಇರಬೇಕು. 40ರದ್ದು 12.5ರಿಂದ 16.3ರ ಒಳಗೆ. ಒಂದು ಅಂದಾಜಿಗೆ ಹೇಳೋದಾದರೆ 20 ಡಿಗ್ರಿಯ ನೀರಿನದ್ದು ಸುಮಾರು 1. ಅಂದರೆ 30 ಮತ್ತು 40 ಪಕ್ಕಪಕ್ಕದ ಮನೆಗಳು, ನಡುವೆ ಒಂದೇ ಗೋಡೆ. ಈ 100 ಡಿಗ್ರಿ ಅನ್ನೋದು ಊರಿನ ಬಿಸಿಲಲ್ಲ, ಇಂಜಿನ್ ಒಳಗಿನ ಎಣ್ಣೆಯ ಬಿಸಿ.

ಹಾಗಾದರೆ ಡಬ್ಲ್ಯು ಯಾಕೆ? ಎಣ್ಣೆಯ ಸ್ವಭಾವವೇ ಹಾಗೆ: ಚಳಿಗೆ ಮಂದ, ಬಿಸಿಗೆ ತೆಳು. ಮನೆಯ ಕೊಬ್ಬರಿ ಎಣ್ಣೆ ಡಿಸೆಂಬರಿನಲ್ಲಿ ಏನಾಗತ್ತೆ ಅಂತ ಎಲ್ಲರಿಗೂ ಗೊತ್ತು. ಮಂಜು ಬೀಳುವ ಊರುಗಳಲ್ಲಿ ಬೆಳಿಗ್ಗೆ ಇಂಜಿನ್ ತಿರುಗುತ್ತಲೇ ಇರಲಿಲ್ಲ. ಜನ ಚಳಿಗಾಲಕ್ಕೊಂದು ಎಣ್ಣೆ, ಬೇಸಿಗೆಗೊಂದು ಎಣ್ಣೆ ಬದಲಿಸುತ್ತಿದ್ದರು. 1950ರ ದಶಕದಲ್ಲಿ ಚಳಿಯ ಪರೀಕ್ಷೆಗೆ ಬೇರೆ ದರ್ಜೆ ಬಂತು, ಅದರ ಗುರುತು ಡಬ್ಲ್ಯು, ವಿಂಟರ್ ಅನ್ನೋದರ ಮೊದಲಕ್ಷರ. ಅದೇ ಹೊತ್ತಿಗೆ ಎಣ್ಣೆಗೆ ಪಾಲಿಮರ್ ಬೆರೆಸುವ ಉಪಾಯವೂ ಬಳಕೆಗೆ ಬಂತು. ಈ ಪಾಲಿಮರಿನ ಎಳೆಗಳು ಚಳಿಯಲ್ಲಿ ಮುದುರಿಕೊಂಡಿರತ್ತೆ, ಬಿಸಿಯಾದಾಗ ಬಿಚ್ಚಿಕೊಂಡು ಎಣ್ಣೆ ವಿಪರೀತ ತೆಳುವಾಗದ ಹಾಗೆ ತಡೆಯತ್ತೆ. ಹೀಗೆ ಒಂದೇ ಎಣ್ಣೆ ಎರಡು ಪರೀಕ್ಷೆ ಪಾಸು ಮಾಡಿತು. 20ಡಬ್ಲ್ಯು-40 ಅಂದರೆ ಚಳಿ ಪರೀಕ್ಷೆಯಲ್ಲಿ 20ಡಬ್ಲ್ಯು, ಬಿಸಿ ಪರೀಕ್ಷೆಯಲ್ಲಿ 40.

ಈಗ ಆಕ್ಟಿವಾದ ಜೊತೆ ಬಂದ ಪುಸ್ತಕ ತೆಗೆಯಿರಿ. ಅದು ಕೇಳೋದು 10ಡಬ್ಲ್ಯು-30. ನಮ್ಮ ಡಬ್ಬಿ ಚಳಿಯ ತುದಿಯಲ್ಲಿ ಎರಡು ಹೆಜ್ಜೆ, ಬಿಸಿಯ ತುದಿಯಲ್ಲಿ ಒಂದು ಹೆಜ್ಜೆ ಹೆಚ್ಚು ಮಂದ. ಎಷ್ಟು ತೊಂದರೆ? 10ಡಬ್ಲ್ಯು ಎಣ್ಣೆಯ ಚಳಿ ಪರೀಕ್ಷೆ ನಡೆಯೋದು ಮೈನಸ್ 25 ಡಿಗ್ರಿಯಲ್ಲಿ, 20ಡಬ್ಲ್ಯುದು ಮೈನಸ್ 15ರಲ್ಲಿ. ನಂದಿ ಬೆಟ್ಟದ ತುದಿಯಲ್ಲೂ ಅಂಥ ಚಳಿ ಯಾವತ್ತೂ ಬರಲ್ಲ. ಹಾಗಾಗಿ ಎಣ್ಣೆ ಗಡ್ಡೆಕಟ್ಟಿ ಗಾಡಿ ನಿಲ್ಲತ್ತೆ ಅನ್ನೋ ಭಯ ಬೇಡ. ಆದರೆ ಜನವರಿಯ ಬೆಳಿಗ್ಗೆ ಚಿಕ್ಕಬಳ್ಳಾಪುರದಲ್ಲಿ ಹಾಲು ತರೋಕೆ ಹೊರಟಾಗ, ತಣ್ಣಗಿರುವ 20ಡಬ್ಲ್ಯು-40 ಅದೇ ಹೊತ್ತಿನ 10ಡಬ್ಲ್ಯು-30ಕ್ಕಿಂತ ಹೆಚ್ಚು ಕಡಿಮೆ ಎರಡು ಪಟ್ಟು ಮಂದವಾಗಿರತ್ತೆ. ಅದು ಮೇಲಿನ ಕ್ಯಾಮ್‌ವರೆಗೆ ತಲುಪೋಕೆ ಸ್ವಲ್ಪ ಹೆಚ್ಚು ಹೊತ್ತು ಬೇಕು. ಎಂಟು ಹಾರ್ಸ್‌ಪವರ್ ಆಸುಪಾಸಿನ ಪುಟ್ಟ ಇಂಜಿನ್ ಆ ಮಂದ ಎಣ್ಣೆಯನ್ನು ಕಲಕೋಕೆ ಒಂದಷ್ಟು ಪೆಟ್ರೋಲು ಖರ್ಚು ಮಾಡತ್ತೆ. ದಿನಾ ಎರಡು ಕಿಲೋಮೀಟರ್ ಓಡಿ ನಿಲ್ಲುವ ಸ್ಕೂಟರಿಗೆ ಇದು ಹೆಚ್ಚು ತಟ್ಟತ್ತೆ, ಯಾಕಂದರೆ ಎಣ್ಣೆ ಬಿಸಿಯಾಗುವ ಮೊದಲೇ ಸವಾರಿ ಮುಗಿದಿರತ್ತೆ.

"ಗೌರಿಬಿದನೂರಲ್ಲಿ ಏಪ್ರಿಲ್ ಬಿಸಿಲು ಅಂದ್ರೆ ಬೆಂಕಿ, ಅಲ್ಲಿಗೆ ಮಂದದ್ದೇ ಬೇಕು" ಅನ್ನೋ ವಾದವೂ ಇದೆ. ಗೌರಿಬಿದನೂರು ಚಿಕ್ಕಬಳ್ಳಾಪುರಕ್ಕಿಂತ ತಗ್ಗಿನಲ್ಲಿದೆ, ಬಿಸಿಲು ಜಾಸ್ತಿ ಅನ್ನೋದು ಸರಿ. ಆದರೆ ಊರಿನ ಬಿಸಿ 38 ಇರಲಿ, 28 ಇರಲಿ, ಇಂಜಿನ್ ಒಳಗಿನ ಎಣ್ಣೆ ತನ್ನ ಕೆಲಸದ ಬಿಸಿಗೆ ಏರಿಯೇ ಏರತ್ತೆ, ದರ್ಜೆಯ ಎರಡನೇ ಅಂಕಿ ಅದಕ್ಕೇ ಇರೋದು. ಗಾಡಿ ಮಾಡಿದವರು ಭಾಗಗಳ ನಡುವಿನ ಸಂದು, ಪಂಪಿನ ಬಲ ಎಲ್ಲ ಲೆಕ್ಕ ಹಾಕಿ ಒಂದು ದರ್ಜೆ ಬರೆದಿರ್ತಾರೆ. ಭಾರತದ ಬೇಸಿಗೆ ಅವರಿಗೂ ಗೊತ್ತಿರೋ ವಿಷಯವೇ. ಇಲ್ಲಿ ನಮ್ಮ ಡಬ್ಬಿಗೆ ಅರ್ಧ ಮಾರ್ಕು.

ಮೂರನೇ ಸಾಲು: ಎಪಿಐ ಎಸ್ಎಲ್

ಎಪಿಐ ಅಂದರೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ. ಮಂದತೆ ಸರಿ ಇದ್ದ ಮಾತ್ರಕ್ಕೆ ಎಣ್ಣೆ ಒಳ್ಳೇದಾಗಲ್ಲ. ಒಂದೇ ಮಂದತೆಯ ಎರಡು ಎಣ್ಣೆಗಳಲ್ಲಿ ಒಂದು ಬೇಗ ಕೆಸರಾಗಬಹುದು, ಇನ್ನೊಂದು ಹಾಗಾಗದೇ ಇರಬಹುದು. ಈ ವ್ಯತ್ಯಾಸ ಹೇಳೋಕೆ 1947ರಲ್ಲಿ ಎಪಿಐ ಮೂರು ಹೆಸರು ಮಾಡಿತು: ರೆಗ್ಯುಲರ್, ಪ್ರೀಮಿಯಂ, ಹೆವಿ ಡ್ಯೂಟಿ. ಅದು ಸಾಲದೆ ಮುಂದೆ ಅಕ್ಷರಗಳ ಪದ್ಧತಿ ಬಂತು. ಪೆಟ್ರೋಲ್ ಇಂಜಿನ್ನಿನ ಎಣ್ಣೆಗೆ ಎಸ್, ಡೀಸೆಲ್‌ಗೆ ಸಿ. ಎರಡನೇ ಅಕ್ಷರ ವರ್ಣಮಾಲೆಯಲ್ಲಿ ಮುಂದೆ ಹೋದಷ್ಟೂ ಹೊಸ ಪರೀಕ್ಷೆ. ಎಸ್ಎಲ್ 2001ರದ್ದು, ಎಸ್ಎಂ 2004ರದ್ದು, ಎಸ್ಎನ್ 2010ರದ್ದು, ಎಸ್‌ಪಿ 2020ರದ್ದು.

ಓದುವ ನಿಯಮ ಸುಲಭ. ಪುಸ್ತಕ ಕೇಳುವ ಅಕ್ಷರ ಕನಿಷ್ಠ. ಡಬ್ಬಿಯ ಅಕ್ಷರ ಅದೇ ಆಗಿರಬೇಕು, ಇಲ್ಲವೇ ಅದರ ನಂತರದ್ದಾಗಿರಬೇಕು. ಪುಸ್ತಕದಲ್ಲಿ ಎಸ್‌ಜೆ ಅಂತ ಇದ್ದು ಡಬ್ಬಿಯಲ್ಲಿ ಎಸ್ಎಲ್ ಇದ್ದರೆ ಸರಿ. ಪುಸ್ತಕದಲ್ಲಿ ಎಸ್ಎನ್ ಇದ್ದು ಡಬ್ಬಿಯಲ್ಲಿ ಎಸ್ಎಲ್ ಇದ್ದರೆ ಬೇಡ. ಸಿ ಅಕ್ಷರದ ದರ್ಜೆ ಮಾತ್ರ ಬರೆದಿರೋ ಟ್ರ್ಯಾಕ್ಟರ್ ಎಣ್ಣೆಯ ಉಳಿಕೆಯನ್ನು ಸ್ಕೂಟರಿಗೆ ಸುರಿಯೋದೂ ಬೇಡ.

ಆದರೆ ಒಂದು ಮಾತು ನೆನಪಿರಲಿ, ಎಪಿಐ ಪರೀಕ್ಷೆಗಳನ್ನು ಮಾಡಿದ್ದು ಕಾರುಗಳಿಗಾಗಿ. ಇದೇ ಮುಂದಿನ ಸಾಲು ಹುಟ್ಟೋಕೆ ಕಾರಣ. ನಮ್ಮ ಸಂದರ್ಭದಲ್ಲಿ ಬಿಎಸ್-4 ಕಾಲದ ಪುಸ್ತಕದ ಕನಿಷ್ಠ ಅಕ್ಷರವನ್ನು ಎಸ್ಎಲ್ ಮುಟ್ಟಿರತ್ತೆ, ಹಾಗಾಗಿ ಈ ಸಾಲೂ ಪಾಸು.

ನಾಲ್ಕನೇ ಸಾಲು: ಜಾಸೊ ಎಂಎ2

1990ರ ದಶಕದಲ್ಲಿ ಅಮೆರಿಕದ ಕಾರು ಎಣ್ಣೆಗಳು ಇಂಧನ ಉಳಿಸುವ ಪಂದ್ಯಕ್ಕೆ ಬಿದ್ದವು. ಎಣ್ಣೆಗೆ ಇನ್ನೂ ಜಾರುವ ಗುಣ ಕೊಡುವ ರಾಸಾಯನಿಕಗಳನ್ನು ಬೆರೆಸಿದರು. ಕಾರಿಗೆ ಇದು ಲಾಭವೇ. ಕಾರಿನ ಇಂಜಿನ್ ಎಣ್ಣೆ ಇಂಜಿನ್ನಿಗೆ ಮಾತ್ರ, ಕ್ಲಚ್ಚು ಬೇರೆ ಕಡೆ ಒಣಗಿಕೊಂಡಿರತ್ತೆ. ಆದರೆ ಬೈಕಿನ ಸಂಸಾರ ಬೇರೆ. ಅಲ್ಲಿ ಇಂಜಿನ್, ಗೇರ್‌ಬಾಕ್ಸ್, ಕ್ಲಚ್ಚು ಮೂವರೂ ಒಂದೇ ಎಣ್ಣೆಯ ಕೊಳದಲ್ಲಿ ಇರ್ತಾರೆ. ಇಂಜಿನ್ನಿಗೆ ಜಾರುವ ಎಣ್ಣೆ ಬೇಕು. ಕ್ಲಚ್ ಪ್ಲೇಟುಗಳಿಗೆ ಒಂದನ್ನೊಂದು ಹಿಡಿದುಕೊಳ್ಳೋಕೆ ಸ್ವಲ್ಪ ಘರ್ಷಣೆ ಬೇಕು. ಎಣ್ಣೆ ಅತಿಯಾಗಿ ಜಾರಿದರೆ ಕ್ಲಚ್ಚು ಹಿಡಿಯಲ್ಲ.

ಬೈಕುಗಳ ದೇಶವಾದ ಜಪಾನ್ ಇದಕ್ಕೆ ತನ್ನದೇ ಉತ್ತರ ಹುಡುಕಿತು. ಅಲ್ಲಿನ ವಾಹನ ಮಾನಕ ಸಂಸ್ಥೆ ಜಾಸೊ 1998ರಲ್ಲಿ ಟಿ903 ಅನ್ನುವ ಮಾನಕ ತಂದಿತು. ಎಣ್ಣೆಯಲ್ಲಿ ಅದ್ದಿದ ಕ್ಲಚ್ ಪ್ಲೇಟುಗಳನ್ನು ಯಂತ್ರದಲ್ಲಿ ತಿರುಗಿಸಿ, ಹಿಡಿತ ಎಷ್ಟು, ನಿಲ್ಲೋಕೆ ಎಷ್ಟು ಹೊತ್ತು ಅಂತ ಅಳೆಯೋದು ಅದರ ತಿರುಳು. ಹಿಡಿತ ಹೆಚ್ಚಿರುವುದು ಎಂಎ, ಹಿಡಿತ ಕಡಿಮೆ ಇರುವುದು ಎಂಬಿ. 2006ರಲ್ಲಿ ಎಂಎಯನ್ನೇ ಎರಡು ಭಾಗ ಮಾಡಿ, ಹಿಡಿತ ಹೆಚ್ಚಿನದಕ್ಕೆ ಎಂಎ2, ಸ್ವಲ್ಪ ಕಡಿಮೆಯದಕ್ಕೆ ಎಂಎ1 ಅಂದರು.

ಇಲ್ಲಿ ಎಂಎ ಫಸ್ಟ್ ಕ್ಲಾಸ್, ಎಂಬಿ ಸೆಕೆಂಡ್ ಕ್ಲಾಸ್ ಅಂತ ಓದಬಾರದು. ಅವು ಬೇರೆ ಬೇರೆ ಗಾಡಿಗೆ ಮಾಡಿದ ಬೇರೆ ಬೇರೆ ಎಣ್ಣೆ.

ಸ್ಕೂಟರ್ ಯಾವ ಕಡೆಗೆ? ಹಳೇ ಚೇತಕ್ ಆಗಿದ್ದರೆ ಅದಕ್ಕೂ ಎಣ್ಣೆಯಲ್ಲಿ ನೆನೆದ ಕ್ಲಚ್ಚೇ ಇತ್ತು. ವೆಸ್ಪಾ ವಂಶದ ಆ ಗಾಡಿಗಳ ಗೇರ್‌ಬಾಕ್ಸಿಗೆ ಕಾಲು ಲೀಟರಿನಷ್ಟು ಎಸ್ಎಇ 30 ಎಣ್ಣೆ ಬೇರೆಯಾಗಿ ಹಾಕಬೇಕಿತ್ತು. ಗೇರ್ ಇಲ್ಲದ ಸ್ಕೂಟರ್ ನಮಗೆ 1984ರಲ್ಲಿ ಕೈನೆಟಿಕ್ ಹೋಂಡಾ ರೂಪದಲ್ಲಿ ಬಂತು. ಅದು ಟೂ ಸ್ಟ್ರೋಕೇ, ಆದರೆ ಅದರ ಎಡಗಡೆ ಪೆಟ್ಟಿಗೆಯಲ್ಲಿ ಗೇರಿನ ಬದಲು ಬೆಲ್ಟು ಇತ್ತು. ಆಕ್ಟಿವಾದಲ್ಲೂ ಅದೇ ವ್ಯವಸ್ಥೆ. ಇಂಜಿನ್ ವೇಗ ಹಿಡಿದಾಗ ಕ್ಲಚ್ಚಿನ ಶೂಗಳು ಹೊರಕ್ಕೆ ಚಿಮ್ಮಿ ಡ್ರಮ್ಮನ್ನು ಹಿಡಿಯತ್ತೆ, ಬ್ರೇಕ್ ಶೂ ಥರ. ಈ ಪೆಟ್ಟಿಗೆಯೊಳಗೆ ಇರೋದು ಗಾಳಿ, ಧೂಳು, ಬೆಲ್ಟಿನ ಪುಡಿ. ಇಂಜಿನ್ ಎಣ್ಣೆ ಅಲ್ಲಿಗೆ ಹೋಗೋದೇ ಇಲ್ಲ. ಹಾಗಾಗಿ ಕ್ಲಚ್ಚು ಜಾರತ್ತೆ ಅನ್ನೋ ಭಯವಿಲ್ಲದೆ ಎಣ್ಣೆಯನ್ನು ಎಷ್ಟು ಬೇಕೋ ಅಷ್ಟು ನುಣುಪು ಮಾಡಬಹುದು. ಅದಕ್ಕೇ ಆಕ್ಟಿವಾದ ಪುಸ್ತಕ ಎಂಬಿ ಕೇಳತ್ತೆ.

ಎಂಎ2 ಎಣ್ಣೆಯನ್ನು ಸ್ಕೂಟರಿಗೆ ಹಾಕಿದರೆ? ಏನೂ ಮುರಿಯಲ್ಲ. ಕ್ಲಚ್ಚಿಗೆ ಬೇಕಾದ ಘರ್ಷಣೆ ಕ್ಲಚ್ಚೇ ಇಲ್ಲದ ಕೊಳದಲ್ಲಿ ಸುಮ್ಮನೆ ಇರತ್ತೆ, ಅದರ ಬೆಲೆ ಮೈಲೇಜಿನಲ್ಲಿ ಅಲ್ಪಸ್ವಲ್ಪ ಹೋಗತ್ತೆ. ಇಲ್ಲೂ ಅರ್ಧ ಮಾರ್ಕು.

ಹಾಗಾದರೆ ಉತ್ತರ ಏನು?

ಚಿಂತಾಮಣಿಯ ಫೋಟೊಗೆ ಮಗಳು ಬರೆಯಬೇಕಾದ ಉತ್ತರ ಇದು: "ಅಪ್ಪ, ಇದು ನಮ್ ಸ್ಕೂಟರಿನ ಎಣ್ಣೆ ಅಲ್ಲ, ಬೈಕಿನ ಥರದ ಗಾಡಿಗೆ ಮಾಡಿದ್ದು. ಹಾಕಿದ್ರೆ ಕೆಡಲ್ಲ, ಆದ್ರೆ ಬೇಡ. 10ಡಬ್ಲ್ಯು-30, ಎಂಬಿ ಅಂತ ಬರೆದಿರೋದು ಕೇಳಿ." ಎಣ್ಣೆ ತೀರಾ ಕಡಿಮೆಯಾಗಿ, ಸಂಜೆ ಏಳು ಗಂಟೆಗೆ ಊರಲ್ಲಿ ಬೇರೇನೂ ಸಿಗದಿದ್ದರೆ ಕತೆ ಬೇರೆ. ಎಣ್ಣೆ ಇಲ್ಲದೆ ಓಡಿಸೋದಕ್ಕಿಂತ 20ಡಬ್ಲ್ಯು-40 ಹಾಕಿ ಓಡಿಸೋದು ಎಷ್ಟೋ ವಾಸಿ. ಆಮೇಲೆ ಬೇಗ ಬದಲಿಸಿದರಾಯ್ತು.

ಡಬ್ಬಿಯ ಕೊನೆಯ ಸಾಲನ್ನು ಯಾರೂ ಓದಲ್ಲ, 900 ಮಿಲಿ. 110 ಸಿಸಿ ಆಕ್ಟಿವಾದಲ್ಲಿ ಎಣ್ಣೆ ಇಳಿಸಿ ಮತ್ತೆ ತುಂಬೋಕೆ ಬೇಕಾಗೋದು 650ರಿಂದ 700 ಮಿಲಿ ಆಸುಪಾಸು. "ದುಡ್ಡು ಕೊಟ್ಟಿದೀವಿ, ಎಲ್ಲಾ ಹಾಕಪ್ಪ" ಅಂದರೆ ತಿರುಗುವ ಕ್ರ್ಯಾಂಕು ಎಣ್ಣೆಯನ್ನು ಮಜ್ಜಿಗೆ ಕಡೆದ ಹಾಗೆ ಕಡೆಯತ್ತೆ, ನೊರೆ ಬರತ್ತೆ, ಉಸಿರು ಕೊಳವೆಯಿಂದ ಎಣ್ಣೆ ಏರ್ ಫಿಲ್ಟರಿಗೆ ನುಗ್ಗತ್ತೆ. ಫಿಲ್ಟರ್ ಡಬ್ಬ ತೆಗೆದಾಗ ಒಳಗೆ ಎಣ್ಣೆ ಜಿಡ್ಡು ಕಂಡರೆ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ. ಅಳೆಯುವಾಗ ಗಾಡಿ ಸೆಂಟರ್ ಸ್ಟ್ಯಾಂಡಿನಲ್ಲಿ ಇರಬೇಕು. ಮೂರ್ನಾಲ್ಕು ನಿಮಿಷ ಓಡಿಸಿ, ಆಫ್ ಮಾಡಿ, ಎರಡು ಮೂರು ನಿಮಿಷ ಬಿಟ್ಟು, ಅಳತೆ ಕಡ್ಡಿಯನ್ನು ಒರೆಸಿ, ತಿರುಪದೆ ಸುಮ್ಮನೆ ಇಳಿಸಿ ತೆಗೆಯಬೇಕು. ತಿರುಪಿ ತೆಗೆದರೆ ಎಣ್ಣೆ ಇರೋದಕ್ಕಿಂತ ಹೆಚ್ಚು ಕಾಣತ್ತೆ.

ಉಲ್ಟಾ ಆದರೆ

ನಿಜವಾದ ತೊಂದರೆ ಇರೋದು ಇದರ ಉಲ್ಟಾದಲ್ಲಿ. ಸ್ಕೂಟರಿಗೆ ಸರಿಯಾದ ಎಂಬಿ ಎಣ್ಣೆ ತಂದಾಯ್ತು, ಡಬ್ಬಿಯಲ್ಲಿ ಒಂದಿಷ್ಟು ಉಳೀತು, ಬೈಕಿನಲ್ಲಿ ಎಣ್ಣೆ ಕಡಿಮೆ ಇದೆ, ಸುರಿದರಾಯ್ತು ಅನ್ನಿಸತ್ತೆ. ಎರಡೂ 4ಟಿ, ಎರಡೂ 10ಡಬ್ಲ್ಯು-30 ಇರಬಹುದು, ಎಪಿಐ ಅಕ್ಷರವೂ ಒಂದೇ ಇರಬಹುದು. ವ್ಯತ್ಯಾಸ ಇರೋದು ಕೊನೆಯ ಎರಡಕ್ಷರದಲ್ಲಿ ಮಾತ್ರ. ಆದರೆ ಈ ಸಲ ಎಣ್ಣೆ ಹೋಗೋದು ಕ್ಲಚ್ಚಿರುವ ಕೊಳಕ್ಕೆ.

ಮೊದಲು ಏನೂ ಗೊತ್ತಾಗಲ್ಲ. ಒಬ್ಬರೇ ಸಮತಟ್ಟಿನಲ್ಲಿ ಹೋಗುವಾಗ ಕ್ಲಚ್ಚಿನ ಮೇಲೆ ಭಾರ ಇಲ್ಲ. ಗೂಡಿನ ಚೀಲ ಹೇರಿಕೊಂಡು ಏರು ಹತ್ತುವಾಗ, ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ತಿರುಪಿದರೆ ಇಂಜಿನ್ನಿನ ಸದ್ದು ಏರತ್ತೆ, ಗಾಡಿಯ ವೇಗ ಮಾತ್ರ ಏರಲ್ಲ. ಇದೇ ಜಾರುವ ಕ್ಲಚ್ಚಿನ ಗುರುತು. ಹಾಗೇ ಓಡಿಸುತ್ತಾ ಹೋದರೆ ಪ್ಲೇಟುಗಳು ಕಾದು ಹೊಳಪು ಹಿಡಿಯತ್ತೆ, ಸುಟ್ಟ ವಾಸನೆ ಬರತ್ತೆ. ಬೇಗ ಗಮನಿಸಿ ಎಣ್ಣೆ ಪೂರ್ತಿ ಇಳಿಸಿ ಎಂಎ ಎಣ್ಣೆ ಹಾಕಿದರೆ ಎಷ್ಟೋ ಸಲ ಹಿಡಿತ ವಾಪಸ್ ಬರತ್ತೆ. ಪ್ಲೇಟು ಹೊಳಪು ಹಿಡಿದ ಮೇಲೆ ಎಣ್ಣೆ ಬದಲಿಸಿ ಪ್ರಯೋಜನ ಇಲ್ಲ, ಪ್ಲೇಟನ್ನೇ ಬದಲಿಸಬೇಕು. ಕಾರಿನ ಉಳಿದ ಎಣ್ಣೆಯನ್ನು ಬೈಕಿಗೆ ಹಾಕಿದರೂ ಇದೇ ಗತಿ ಆಗಬಹುದು. ಹಿಂಭಾಗದ ವೃತ್ತಾಕಾರದ ಎಪಿಐ ಮುದ್ರೆಯಲ್ಲಿ "ರಿಸೋರ್ಸ್ ಕನ್ಸರ್ವಿಂಗ್" ಅಂತ ಇದ್ದರೆ ಅದು ಇಂಧನ ಉಳಿಸೋಕೆ ಮಾಡಿದ ಕಾರು ಎಣ್ಣೆ, ಬೈಕಿನಿಂದ ದೂರ ಇಡಿ.

ಅಂದರೆ "ಎಲ್ಲಾ ಗಾಡಿಗೂ ಆಗ್ತದೆ" ಅನ್ನೋ ಅಂಗಡಿ ಮಾತು ಒಂದೇ ದಿಕ್ಕಿನಲ್ಲಿ ನಿಜ. ಬೈಕಿನ ಎಣ್ಣೆ ಸ್ಕೂಟರಿಗೆ ನಡೆಯತ್ತೆ, ಸ್ವಲ್ಪ ನಷ್ಟದಲ್ಲಿ. ಸ್ಕೂಟರಿನ ಎಣ್ಣೆ ಬೈಕಿಗೆ ನಡೆಯಲ್ಲ. ಒಂದೇ ಡ್ರಮ್ಮಿನಿಂದ ಎಲ್ಲಾ ಗಾಡಿಗೂ ಸುರಿಯುವ ಮೆಕ್ಯಾನಿಕ್ ಎಂಎ ಎಣ್ಣೆಯನ್ನೇ ಇಟ್ಟುಕೊಂಡಿದ್ದರೆ ಅದಕ್ಕೆ ಕಾರಣವೂ ಇದೇ ಆಗಿರಬಹುದು.

ಫೋಟೊ ಹೇಳದ್ದು

ಇಷ್ಟೆಲ್ಲ ಓದಿದ ಮೇಲೂ ಒಂದು ಮಿತಿ ಇದೆ. ಫೋಟೊ ಹೇಳೋದು ಡಬ್ಬಿಯ ಮೇಲೆ ಏನು ಬರೆದಿದೆ ಅಂತ, ಒಳಗೆ ಏನಿದೆ ಅಂತ ಅಲ್ಲ. ಖಾಲಿ ಡಬ್ಬಿಗೆ ಬೇರೆ ಎಣ್ಣೆ ತುಂಬಿ ಮಾರಿದರೆ ನಾಲ್ಕೂ ಸಾಲು ಸರಿಯಾಗೇ ಇರತ್ತೆ. ಅದಕ್ಕೆ ಮುಂಭಾಗದ ಒಂದು ಫೋಟೊ ಸಾಲದು. ಹಿಂಭಾಗದ್ದು ಬೇಕು. ಅಲ್ಲಿ ತಯಾರಾದ ತಿಂಗಳು ಮತ್ತು ವರ್ಷ, ಬ್ಯಾಚ್ ನಂಬರ್, ಎಂಆರ್‌ಪಿ, ತಯಾರಕರ ವಿಳಾಸ ಇರತ್ತೆ. ಜಾಸೊ ಗುರುತನ್ನು ಕ್ರಮವಾಗಿ ಹಾಕಿದವರು ಒಂದು ಆಯತದೊಳಗೆ ಅಕ್ಷರ ಮತ್ತು ಅಂಕಿಗಳ ಸಂಕೇತದ ಜೊತೆ ಎಂಎ2 ಅಥವಾ ಎಂಬಿ ಅಂತ ಹಾಕಿರ್ತಾರೆ. ಬರೀ ಪದಗಳಲ್ಲಿ ಬರೆದಿದ್ದರೆ ಅದು ಕಂಪನಿ ತನ್ನ ಬಗ್ಗೆ ತಾನೇ ಹೇಳಿಕೊಂಡ ಮಾತು.

ಉಳಿದದ್ದನ್ನು ಅಂಗಡಿಯಲ್ಲಿ ನಿಂತವರೇ ನೋಡಬೇಕು. ಮುಚ್ಚಳದ ಕೆಳಗಿನ ಉಂಗುರ ಕಿತ್ತಿಲ್ಲ ತಾನೇ? ಮುಚ್ಚಳ ತೆಗೆದಾಗ ಒಳಗೆ ಅಂಟಿಸಿದ ಹಾಳೆಯ ಸೀಲು ಪೂರ್ತಿ ಇದೆಯಾ? ಬ್ಯಾಚ್ ನಂಬರ್ ಬೆರಳಲ್ಲಿ ಉಜ್ಜಿದರೆ ಅಳಿಸಿ ಹೋಗತ್ತಾ? ಇವು ಸರಿ ಇದ್ದರೆ ನಾಲ್ಕು ಸಾಲುಗಳನ್ನು ನಂಬಿ ದುಡ್ಡು ಕೊಡಬಹುದು. ಎಣ್ಣೆ ಬದಲಿಸಿದ ಮೇಲೆ ಖಾಲಿ ಡಬ್ಬಿಯನ್ನು ಅಂಗಡಿಯಲ್ಲೇ ಬಿಟ್ಟು ಬರುವ ಮುಂಚೆ ಅದರ ಹೊಟ್ಟೆಗೊಂದು ತೂತು ಮಾಡಿ. ಆ ಡಬ್ಬಿಯ ಫೋಟೊ ಇನ್ನೊಬ್ಬರ ಫೋನಿಗೆ ಹೋಗೋದು ಬೇಡ.